ಹೆಡ್‌ಫೋನ್ ಸೇರಿತು, ವಾಲ್ಯೂಮ್ ಎಲ್ಲಿ ಹೋಯಿತು?

ಟಿವಿಯ ಹಿಂಬದಿಗೆ ಸಿಕ್ಕಿಸುವ ಸ್ಟ್ರೀಮಿಂಗ್ ಸ್ಟಿಕ್ಕಿನಿಂದ ಧ್ವನಿ ಹೊರಬರಲು ಎರಡು ದಾರಿಗಳಿವೆ. ಒಂದು, ಎಚ್‌ಡಿಎಂಐ ಸಾಕೆಟ್ಟಿನ ಮೂಲಕ ಚಿತ್ರದ ಜೊತೆಗೇ ಟಿವಿಗೆ ಹೋಗುವ ದಾರಿ. ಇನ್ನೊಂದು, ಬ್ಲೂಟೂತ್ ಮೂಲಕ ನೇರವಾಗಿ ಹೆಡ್‌ಫೋನಿಗೆ ಹೋಗುವ ದಾರಿ. ಎರಡನೆಯದು ತೆರೆದ ಕೂಡಲೇ ಮೊದಲನೆಯದರಲ್ಲಿ ಧ್ವನಿ ನಿಲ್ಲುತ್ತದೆ. ಚಿತ್ರ ಟಿವಿಯಲ್ಲೇ ಇರುತ್ತದೆ, ಆದರೆ ಟಿವಿಯ ಸ್ಪೀಕರ್ ಮೌನವಾಗುತ್ತದೆ. ಮನೆಯವರು ಮಲಗಿದ ಮೇಲೆ ಸಿನಿಮಾ ನೋಡುವವರಿಗೂ, ಕಿವಿ ಸ್ವಲ್ಪ ಮಂದವಾಗಿ ಹತ್ತಿರದಿಂದ ಕೇಳಬೇಕಾದ ಹಿರಿಯರಿಗೂ ಬೇಕಾದದ್ದು ಇದೇ.

ಜೋಡಿಸುವ ಕೆಲಸ ಐದು ನಿಮಿಷದ್ದು. ತೊಂದರೆ ಶುರುವಾಗುವುದು ಜೋಡಿಸಿದ ಮೇಲೆ. ರಿಮೋಟಿನ ವಾಲ್ಯೂಮ್ ಗುಂಡಿ ಒತ್ತಿದರೆ ಟಿವಿಯ ಪರದೆಯ ಮೇಲೆ ಅಂಕಿ ಏರುತ್ತದೆ, ಕಿವಿಯಲ್ಲಿ ಮಾತ್ರ ಏನೂ ಬದಲಾಗುವುದಿಲ್ಲ. ಕೆಲವು ರಿಮೋಟುಗಳಲ್ಲಿ ಆ ಗುಂಡಿಯೇ ಇರುವುದಿಲ್ಲ. ಹೆಡ್‌ಫೋನ್ ಕೆಟ್ಟಿದೆ, ಸ್ಟಿಕ್ ಸರಿಯಿಲ್ಲ ಎಂದು ಅಂಗಡಿಗೆ ಹಿಂದಿರುಗಿಸುವವರೂ ಇದ್ದಾರೆ. ಬಹಳಷ್ಟು ಸಲ ಯಾವುದೂ ಕೆಟ್ಟಿರುವುದಿಲ್ಲ. ಗುಂಡಿ ಒತ್ತಿದ ಸಂದೇಶ ಹೋಗಬೇಕಾದಲ್ಲಿಗೆ ಹೋಗದೆ ಬೇರೆ ಕಡೆ ಹೋಗುತ್ತಿರುತ್ತದೆ, ಅಷ್ಟೇ. ಅದು ಎಲ್ಲಿಗೆ ಹೋಗುತ್ತಿದೆ ಎಂದು ಗೊತ್ತಾದರೆ ಪರಿಹಾರ ತಾನಾಗಿಯೇ ಹೊಳೆಯುತ್ತದೆ.

ಜೋಡಿಸುವ ಕ್ರಮ

ನಮ್ಮಲ್ಲಿ ಹೆಚ್ಚು ಮನೆಗಳಲ್ಲಿ ಕಾಣುವ ಅಮೆಜಾನ್ ಫೈರ್ ಟಿವಿ ಸ್ಟಿಕ್ಕನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಮೊದಲು ಸಿದ್ಧಗೊಳಿಸಬೇಕಾದದ್ದು ಸ್ಟಿಕ್ಕನ್ನಲ್ಲ, ಹೆಡ್‌ಫೋನನ್ನು. ಹಿಂದೆ ಫೋನಿಗೆ ಜೋಡಿಸಿದ್ದ ಹೆಡ್‌ಫೋನ್, ಆನ್ ಆದೊಡನೆ ಹಳೆಯ ಫೋನನ್ನೇ ಹುಡುಕಿಕೊಂಡು ಹೋಗುತ್ತದೆ. ಅದು ಫೋನಿಗೆ ಅಂಟಿಕೊಂಡಿರುವವರೆಗೆ ಸ್ಟಿಕ್ಕಿನ ಕಣ್ಣಿಗೆ ಸಾಮಾನ್ಯವಾಗಿ ಬೀಳುವುದಿಲ್ಲ. ಆದ್ದರಿಂದ ಮನೆಯಲ್ಲಿ ಆ ಹೆಡ್‌ಫೋನ್ ಬಳಸುವ ಎಲ್ಲ ಫೋನುಗಳ ಬ್ಲೂಟೂತನ್ನು ಸ್ವಲ್ಪ ಹೊತ್ತು ಆಫ್ ಮಾಡುವುದು ಒಳ್ಳೆಯದು. ಆಮೇಲೆ ಹೆಡ್‌ಫೋನನ್ನು ಜೋಡಣೆಯ ಸ್ಥಿತಿಗೆ ತರಬೇಕು. ಕಿವಿಯ ಮೇಲೆ ಕೂರುವ ದೊಡ್ಡ ಹೆಡ್‌ಫೋನ್ ಮತ್ತು ನೆಕ್‌ಬ್ಯಾಂಡುಗಳಲ್ಲಿ ಪವರ್ ಗುಂಡಿಯನ್ನು ಕೆಲವು ಸೆಕೆಂಡು ಬಿಡದೆ ಒತ್ತಿ ಹಿಡಿದರೆ ಪುಟ್ಟ ದೀಪ ಬೇಗಬೇಗ ಮಿನುಗತೊಡಗುತ್ತದೆ. ಇಯರ್‌ಬಡ್‌ಗಳಲ್ಲಿ ಡಬ್ಬಿಯ ಮುಚ್ಚಳ ತೆರೆದು ಡಬ್ಬಿಯ ಮೇಲಿನ ಗುಂಡಿಯನ್ನು ಹಿಡಿಯಬೇಕಾಗಬಹುದು. ದೀಪ ನಿಧಾನವಾಗಿ ಮಿನುಗುತ್ತಿದ್ದರೆ ಹೆಡ್‌ಫೋನ್ ಆನ್ ಆಗಿದೆ ಎಂದಷ್ಟೇ ಅರ್ಥ. ಹೊಸ ಸಾಧನವನ್ನು ಒಪ್ಪಿಕೊಳ್ಳಲು ಅದು ಇನ್ನೂ ತಯಾರಾಗಿಲ್ಲ.

ಹೆಡ್‌ಫೋನ್ ತಯಾರಾದ ಮೇಲೆ ಟಿವಿಯ ಪರದೆಗೆ ಬರಬೇಕು. ರಿಮೋಟಿನ ಹೋಮ್ ಗುಂಡಿ ಒತ್ತಿ, ಸಾಲಿನ ಬಲತುದಿಯಲ್ಲಿರುವ ಹಲ್ಲುಚಕ್ರದ ಚಿತ್ರವನ್ನು ಆರಿಸಿದರೆ ಸೆಟ್ಟಿಂಗ್ಸ್ ತೆರೆದುಕೊಳ್ಳುತ್ತದೆ. ಅಲ್ಲಿ “Controllers & Bluetooth Devices” ಎಂಬ ಚೌಕವಿದೆ; ಹೊಸ ಸಾಫ್ಟ್‌ವೇರಿನಲ್ಲಿ ಅದರ ಹೆಸರು “Remotes & Bluetooth Devices”. ಅದರೊಳಗೆ “Other Bluetooth Devices”, ಅದರೊಳಗೆ “Add Bluetooth Devices”. ಸ್ಟಿಕ್ ಸುತ್ತಲಿನ ಸಾಧನಗಳನ್ನು ಹುಡುಕಿ ಪಟ್ಟಿ ತೋರಿಸುತ್ತದೆ. ಹೆಡ್‌ಫೋನಿನ ಹೆಸರು ಕಂಡ ಮೇಲೆ ಅದನ್ನು ಆರಿಸಿ ಒತ್ತಿದರೆ ಕೆಲಸ ಮುಗಿಯಿತು. ಗೂಗಲ್ ಟಿವಿ ಸಾಧನಗಳಲ್ಲಿ ಮತ್ತು ಆಂಡ್ರಾಯ್ಡ್ ಟಿವಿ ಇರುವ ಬ್ರಾಡ್‌ಬ್ಯಾಂಡ್ ಹಾಗೂ ಡಿಟಿಎಚ್ ಬಾಕ್ಸುಗಳಲ್ಲಿ ಇದೇ ಕೆಲಸಕ್ಕೆ ಸೆಟ್ಟಿಂಗ್ಸ್ ಒಳಗಿನ “Remotes & Accessories” ತೆರೆಯಬೇಕು. ಹೊಸ ಸಾಧನ ಸೇರಿಸುವ ಸಾಲು ಒಂದೊಂದು ಆವೃತ್ತಿಯಲ್ಲಿ ಒಂದೊಂದು ಹೆಸರಿನಲ್ಲಿದ್ದರೂ “Pair” ಅಥವಾ “Add” ಎಂಬ ಪದ ನೋಡಿ ಗುರುತಿಸಬಹುದು.

ಹೆಸರು ಪಟ್ಟಿಗೆ ಬಾರದಿದ್ದರೆ, ಅಥವಾ ಜೋಡಿಸಿದ ಮೇಲೆ ಧ್ವನಿ ತುಂಡುತುಂಡಾಗಿ ಬಂದರೆ, ಸ್ಟಿಕ್ ಕೂತಿರುವ ಜಾಗವನ್ನು ಒಮ್ಮೆ ನೋಡಬೇಕು. ಅದು ಟಿವಿಯ ಬೆನ್ನಿಗೆ, ಲೋಹದ ತಗಡಿಗೆ ಒತ್ತಿಕೊಂಡಂತೆ ಇರುತ್ತದೆ. ಬ್ಲೂಟೂತಿನ ದುರ್ಬಲ ತರಂಗ ಇಡೀ ಟಿವಿಯನ್ನು ಬಳಸಿಕೊಂಡು ಮುಂದಿನ ಸೋಫಾದವರೆಗೆ ಬರಬೇಕಾಗುತ್ತದೆ. ಪೆಟ್ಟಿಗೆಯಲ್ಲಿ ಸ್ಟಿಕ್ಕಿನ ಜೊತೆ ಬರುವ ಗೇಣುದ್ದದ ಎಚ್‌ಡಿಎಂಐ ತುಂಡು ಇರುವುದು ಇದಕ್ಕಾಗಿಯೇ. ಬಹುಮಂದಿ ಅದನ್ನು ಬಳಸದೆ ಡ್ರಾಯರಿನಲ್ಲಿ ಹಾಕಿಡುತ್ತಾರೆ. ಸ್ಟಿಕ್ಕಿಗೆ ಟಿವಿಯ ಯುಎಸ್‌ಬಿ ಸಾಕೆಟ್ಟಿನಿಂದ ಕರೆಂಟು ಕೊಟ್ಟಿದ್ದರೆ ಅದನ್ನು ಬಿಡಿಸಿ, ಜೊತೆಗೆ ಬಂದ ಅಡಾಪ್ಟರನ್ನೇ ಗೋಡೆಯ ಪ್ಲಗ್ಗಿಗೆ ಹಾಕಬೇಕು. ಟಿವಿಯ ಯುಎಸ್‌ಬಿ ಹಲವು ಸಲ ಸಾಕಷ್ಟು ಕರೆಂಟು ಕೊಡುವುದಿಲ್ಲ. ವೈಫೈ 2.4 ಗಿಗಾಹರ್ಟ್ಸ್‌ನಲ್ಲಿದ್ದರೆ ಬ್ಲೂಟೂತ್ ಕೂಡ ಅದೇ ಪಟ್ಟಿಯಲ್ಲಿ ಓಡಾಡುವುದರಿಂದ ಎರಡಕ್ಕೂ ತಿಕ್ಕಾಟವಾಗುತ್ತದೆ. ರೌಟರಿನಲ್ಲಿ 5 ಗಿಗಾಹರ್ಟ್ಸ್ ಇದ್ದರೆ ಸ್ಟಿಕ್ಕನ್ನು ಅದಕ್ಕೆ ವರ್ಗಾಯಿಸುವುದು ಲೇಸು.

ಕೇಬಲ್‌ನವರು ಕೊಡುವ ಸಾದಾ ಸೆಟ್ ಟಾಪ್ ಬಾಕ್ಸಿನಲ್ಲಿ ಬ್ಲೂಟೂತ್ ಇರುವುದಿಲ್ಲ. ಅದರ ಮೆನುವಿನಲ್ಲಿ ಹುಡುಕುವುದು ವ್ಯರ್ಥ. ಅಂಥ ಮನೆಗಳಲ್ಲಿ ಟಿವಿಗೇ ಬ್ಲೂಟೂತ್ ಇದೆಯೇ ಎಂದು ನೋಡಬೇಕು, ಇಲ್ಲದಿದ್ದರೆ ಟಿವಿಯ ಹೆಡ್‌ಫೋನ್ ರಂಧ್ರಕ್ಕೆ ಸಿಕ್ಕಿಸುವ ಬ್ಲೂಟೂತ್ ಟ್ರಾನ್ಸ್‌ಮಿಟರ್ ಕೊಳ್ಳಬೇಕು.

ಒಂದು ಗುಂಡಿ, ಮೂವರು ಕೇಳುಗರು

ಈಗ ಮುಖ್ಯ ವಿಷಯ. ರಿಮೋಟ್ ಒಂದೇ ಆದರೂ ಅದರೊಳಗೆ ಮಾತಾಡುವ ವಿಧಾನ ಎರಡು. ಬಾಣದ ಗುಂಡಿ, ಹೋಮ್, ಹಿಂದಕ್ಕೆ, ಮೈಕ್ ಇವೆಲ್ಲ ಬ್ಲೂಟೂತಿನಲ್ಲಿ ಸ್ಟಿಕ್ಕಿನೊಂದಿಗೆ ಮಾತಾಡುತ್ತವೆ. ಅದಕ್ಕೇ ರಿಮೋಟನ್ನು ಸೋಫಾದ ದಿಂಬಿನ ಕೆಳಗಿಟ್ಟು ಒತ್ತಿದರೂ ಅವು ಕೆಲಸ ಮಾಡುತ್ತವೆ. ಪವರ್ ಮತ್ತು ವಾಲ್ಯೂಮ್ ಗುಂಡಿಗಳ ಕಥೆ ಬೇರೆ. ಅವು ಸಾಮಾನ್ಯವಾಗಿ ರಿಮೋಟಿನ ಮೂತಿಯಿಂದ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಹೊಮ್ಮಿಸಿ, ಹಳೆಯ ಟಿವಿ ರಿಮೋಟಿನ ಹಾಗೆಯೇ, ನೇರವಾಗಿ ಟಿವಿಗೆ ಆಜ್ಞೆ ಕೊಡುತ್ತವೆ. ಈ ಬೆಳಕಿನ ಸಂಗತಿ ಸ್ಟಿಕ್ಕಿಗೆ ತಿಳಿಯುವುದೇ ಇಲ್ಲ. ಸ್ಟಿಕ್ಕಿಗೇ ತಿಳಿಯದ ಮೇಲೆ ಅದು ಹೆಡ್‌ಫೋನಿಗೆ ಏನನ್ನೂ ಹೇಳಲಾರದು.

ಹೀಗಾಗಿ ವಾಲ್ಯೂಮ್ ಬದಲಿಸುವ ಶಕ್ತಿ ಮೂರು ಕಡೆ ಇದೆ. ಟಿವಿ ತನ್ನ ಸ್ಪೀಕರಿನ ವಾಲ್ಯೂಮನ್ನು ನೋಡಿಕೊಳ್ಳುತ್ತದೆ. ಸ್ಟಿಕ್ ತಾನು ಕಳಿಸುವ ಧ್ವನಿಯ ಮಟ್ಟವನ್ನು ಸಾಫ್ಟ್‌ವೇರಿನಲ್ಲಿ ಏರಿಸಬಲ್ಲದು, ಇಳಿಸಬಲ್ಲದು. ಹೆಡ್‌ಫೋನಿನ ಒಳಗೂ ಒಂದು ಪುಟ್ಟ ಆಂಪ್ಲಿಫೈಯರ್ ಇದ್ದು ಅದಕ್ಕೆ ತನ್ನದೇ ಮಟ್ಟವಿರುತ್ತದೆ. ಬ್ಲೂಟೂತಿನಲ್ಲಿ ಸಿನಿಮಾ ನೋಡುವಾಗ ಟಿವಿಯ ವಾಲ್ಯೂಮ್ ಲೆಕ್ಕಕ್ಕೇ ಬರುವುದಿಲ್ಲ. ಉಳಿದ ಎರಡು ಮಾತ್ರ ಕಿವಿಗೆ ತಲುಪುತ್ತವೆ.

ಬೀದಿಯ ವಾಲ್ವು ಮತ್ತು ಮನೆಯ ನಲ್ಲಿ ಇದ್ದ ಹಾಗೆ ಈ ಎರಡು. ಬೀದಿಯಲ್ಲಿ ವಾಲ್ವನ್ನು ಅರ್ಧವೇ ತಿರುಗಿಸಿದ್ದರೆ ಅಡುಗೆಮನೆಯ ನಲ್ಲಿಯನ್ನು ಪೂರ್ತಿ ಬಿಟ್ಟರೂ ನೀರು ಸಣ್ಣಗೇ ಬರುತ್ತದೆ. ಸ್ಟಿಕ್ಕಿನ ಒಳಗಿನ ಮಟ್ಟ ಕೆಳಗೆ ಉಳಿದುಬಿಟ್ಟಿದ್ದರೆ, ಹೆಡ್‌ಫೋನಿನಲ್ಲಿ ವಾಲ್ಯೂಮ್ ಕೊನೆಯವರೆಗೂ ಏರಿಸಿದರೂ ಸಂಭಾಷಣೆ ಪಿಸುಮಾತಿನಂತೆಯೇ ಕೇಳಿಸುತ್ತದೆ. ಇದನ್ನು ಪತ್ತೆಮಾಡುವ ಗುರುತು ಒಂದಿದೆ. ಹೆಡ್‌ಫೋನ್ ಕೊನೆಯ ಮಟ್ಟ ಮುಟ್ಟಿದಾಗ ತಾನೇ ಮಾಡುವ “ಬೀಪ್” ಸದ್ದು ಜೋರಾಗಿದ್ದು, ಸಿನಿಮಾದ ಸದ್ದು ಮಾತ್ರ ಮೆಲ್ಲಗಿದ್ದರೆ, ಕಡಿಮೆಯಾಗಿರುವುದು ಸ್ಟಿಕ್ಕಿನ ಕಡೆ.

ಬ್ಲೂಟೂತ್ ವ್ಯವಸ್ಥೆಯಲ್ಲಿ ಈ ಎರಡು ಮಟ್ಟಗಳನ್ನು ಒಂದಾಗಿಸುವ ಏರ್ಪಾಡೂ ಇದೆ. ಸಂಗೀತ ಸಾಗಿಸುವ ನಿಯಮಾವಳಿಯನ್ನು ಎ2ಡಿಪಿ ಎನ್ನುತ್ತಾರೆ. ಪ್ಲೇ, ಪಾಸ್, ವಾಲ್ಯೂಮಿನಂಥ ಆಜ್ಞೆಗಳನ್ನು ಸಾಗಿಸುವುದು ಎವಿಆರ್‌ಸಿಪಿ ಎಂಬ ಇನ್ನೊಂದು ನಿಯಮಾವಳಿ. ಎರಡನೆಯದರ 1.4 ಆವೃತ್ತಿಯಿಂದ “ಆಬ್ಸಲ್ಯೂಟ್ ವಾಲ್ಯೂಮ್” ಎಂಬ ಸೌಲಭ್ಯ ಸೇರಿತು. ಇದರಲ್ಲಿ ಸಾಧನ 0ಯಿಂದ 127ರವರೆಗಿನ ಒಂದು ಅಂಕಿಯನ್ನು ಹೆಡ್‌ಫೋನಿಗೆ ಹೇಳುತ್ತದೆ, ಹೆಡ್‌ಫೋನ್ ತನ್ನ ಮಟ್ಟವನ್ನು ಅದಕ್ಕೆ ಸರಿಯಾಗಿ ಇಟ್ಟುಕೊಳ್ಳುತ್ತದೆ. ಫೋನಿನಲ್ಲಿ ಏರಿಸಿದರೆ ಹೆಡ್‌ಫೋನಿನಲ್ಲೂ ಏರುವುದು, ಹೆಡ್‌ಫೋನಿನಲ್ಲಿ ಇಳಿಸಿದರೆ ಫೋನಿನ ಪರದೆಯ ಪಟ್ಟಿಯೂ ಇಳಿಯುವುದು ಇದರಿಂದಲೇ. ಎರಡರಲ್ಲಿ ಒಂದಕ್ಕೆ ಈ ಸೌಲಭ್ಯ ಇಲ್ಲದಿದ್ದರೆ ಅಥವಾ ಒಂದು ಅದನ್ನು ಅರೆಬರೆಯಾಗಿ ಪಾಲಿಸಿದರೆ ಎರಡು ವಾಲ್ವುಗಳೂ ಬೇರೆ ಬೇರೆಯಾಗಿಯೇ ಉಳಿಯುತ್ತವೆ. ಫೋನಿನೊಂದಿಗೆ ಚೆನ್ನಾಗಿ ನಡೆಯುವ ಹೆಡ್‌ಫೋನ್ ಟಿವಿ ಸ್ಟಿಕ್ಕಿನೊಂದಿಗೆ ತಕರಾರು ಮಾಡುವುದಕ್ಕೆ ಇದೂ ಒಂದು ಕಾರಣ.

ಗುಂಡಿಯ ಮಾತು ಯಾರಿಗೆ?

ಸೆಟ್ಟಿಂಗ್ ಬದಲಿಸುವ ಮೊದಲು ಎರಡು ಸುಲಭ ಪರೀಕ್ಷೆಗಳನ್ನು ಮಾಡಬೇಕು. ಹೆಡ್‌ಫೋನ್ ಜೋಡಿಸಿ, ಏನಾದರೂ ಹಾಡು ಓಡುತ್ತಿರುವಾಗ ವಾಲ್ಯೂಮ್ ಗುಂಡಿ ಒತ್ತಿ ಪರದೆ ನೋಡಬೇಕು. ಟಿವಿಯ ಸ್ವಂತ ರಿಮೋಟ್ ಒತ್ತಿದಾಗ ಬರುವಂಥದ್ದೇ ಪಟ್ಟಿ ಮೂಡಿದರೆ ಆಜ್ಞೆ ಟಿವಿಗೆ ಹೋಗುತ್ತಿದೆ. ಬೇರೆ ರೂಪದ, ಸ್ಟಿಕ್ಕಿನ ಮೆನುವಿಗೆ ಹೊಂದುವ ಪಟ್ಟಿ ಬಂದರೆ ಆಜ್ಞೆ ಸ್ಟಿಕ್ಕಿಗೆ ತಲುಪುತ್ತಿದೆ. ಏನೂ ಬಾರದಿದ್ದರೆ ಎರಡನೆಯ ಪರೀಕ್ಷೆ: ಫೋನಿನ ಕ್ಯಾಮೆರಾ ತೆರೆದು ರಿಮೋಟಿನ ಮೂತಿಯನ್ನು ಅದಕ್ಕೆ ತೋರಿಸಿ ವಾಲ್ಯೂಮ್ ಒತ್ತಬೇಕು. ಇನ್‌ಫ್ರಾರೆಡ್ ಬೆಳಕು ಕಣ್ಣಿಗೆ ಕಾಣದಿದ್ದರೂ ಕ್ಯಾಮೆರಾದ ಪರದೆಯಲ್ಲಿ ನೇರಳೆ ಬಿಳುಪಿನ ಚುಕ್ಕೆಯಾಗಿ ಮಿನುಗುತ್ತದೆ. ಹಿಂದಿನ ಕ್ಯಾಮೆರಾಗಳಲ್ಲಿ ಈ ಬೆಳಕನ್ನು ತಡೆಯುವ ಶೋಧಕ ಬಲವಾಗಿರುವುದರಿಂದ, ಸೆಲ್ಫಿ ಕ್ಯಾಮೆರಾದಲ್ಲಿ ನೋಡುವುದು ಮೇಲು. ಚುಕ್ಕೆ ಮಿನುಗಿದರೆ ಗುಂಡಿ ಇನ್‌ಫ್ರಾರೆಡ್‌ನಲ್ಲಿ ಮಾತಾಡುತ್ತಿದೆ. ಮಿನುಗದಿದ್ದರೆ ಬ್ಲೂಟೂತಿನಲ್ಲಿ ಮಾತಾಡುತ್ತಿದೆ, ಇಲ್ಲವೇ ಸೆಲ್ ಮುಗಿದಿದೆ.

ಒಂದು ಮನೆಯ ಪರಿಸ್ಥಿತಿಯನ್ನು ಮುಂದಿಟ್ಟುಕೊಂಡು ನೋಡಿದರೆ ಇದು ಸ್ಪಷ್ಟವಾಗುತ್ತದೆ. ವಾಲ್ಯೂಮ್ ಗುಂಡಿಯಿರುವ ರಿಮೋಟಿನ ಫೈರ್ ಟಿವಿ ಸ್ಟಿಕ್, ಮುಟ್ಟಿದರೆ ಹಾಡು ನಿಲ್ಲುವ ಮತ್ತು ಮುಂದಿನ ಹಾಡಿಗೆ ಹೋಗುವ ಸೌಲಭ್ಯ ಮಾತ್ರ ಇರುವ ಒಂದು ಜೊತೆ ಇಯರ್‌ಬಡ್. ರಾತ್ರಿ ಹನ್ನೊಂದಕ್ಕೆ ಸಿನಿಮಾ ಶುರುವಾಗಿದೆ, ಮಾತು ಸರಿಯಾಗಿ ಕೇಳುತ್ತಿಲ್ಲ. ವಾಲ್ಯೂಮ್ ಒತ್ತಿದರೆ ಟಿವಿಯ ಪಟ್ಟಿ 15ರಿಂದ 30ಕ್ಕೆ, 30ರಿಂದ 60ಕ್ಕೆ ಏರುತ್ತದೆ. ಕಿವಿಯಲ್ಲಿ ಅದೇ ಪಿಸುಮಾತು. ಬೇಸತ್ತು ಇಯರ್‌ಬಡ್ ಕಳಚಿ ಡಬ್ಬಿಗೆ ಹಾಕಿದೊಡನೆ ಬ್ಲೂಟೂತ್ ಕೊಂಡಿ ತಪ್ಪಿ ಧ್ವನಿ ಟಿವಿಗೆ ಮರಳುತ್ತದೆ, 60ರ ಮಟ್ಟದಲ್ಲಿ ಟಿವಿ ಅಬ್ಬರಿಸಿ ಮನೆಯವರೆಲ್ಲ ಎದ್ದು ಕೂರುತ್ತಾರೆ. ಒಂದೊಂದು ಸಲ ಒತ್ತಿದ್ದೂ ಟಿವಿಗೇ ತಲುಪಿತ್ತು ಎನ್ನುವುದಕ್ಕೆ ಇದೇ ಸಾಕ್ಷಿ. ಆದ್ದರಿಂದ ಹೆಡ್‌ಫೋನ್ ಬಳಸುವ ಮುನ್ನ ಟಿವಿಯ ವಾಲ್ಯೂಮನ್ನು ಕೆಳಗಿಳಿಸಿಡುವುದು ಕ್ಷೇಮ.

ಈ ಮನೆಗೆ ಇರುವ ಪರಿಹಾರಗಳಲ್ಲಿ ಎಲ್ಲಕ್ಕಿಂತ ಸರಳವಾದದ್ದು ಇಯರ್‌ಬಡ್‌ನಲ್ಲೇ ವಾಲ್ಯೂಮ್ ತರಿಸಿಕೊಳ್ಳುವುದು. ಅನೇಕ ಇಯರ್‌ಬಡ್ ತಯಾರಕರು ಫೋನಿಗೆ ಒಂದು ಆ್ಯಪ್ ಕೊಡುತ್ತಾರೆ. ಇಯರ್‌ಬಡ್ಡನ್ನು ಒಮ್ಮೆ ಫೋನಿಗೆ ಜೋಡಿಸಿ, ಆ್ಯಪಿನಲ್ಲಿ ಎಡಗಿವಿಯ ಸ್ಪರ್ಶಕ್ಕೆ ವಾಲ್ಯೂಮ್ ಇಳಿಸುವ ಕೆಲಸ, ಬಲಗಿವಿಯ ಸ್ಪರ್ಶಕ್ಕೆ ಏರಿಸುವ ಕೆಲಸ ಕೊಡಬಹುದು. ಈ ಆಯ್ಕೆ ಸಾಮಾನ್ಯವಾಗಿ ಇಯರ್‌ಬಡ್ಡಿನ ಒಳಗೇ ಉಳಿಯುವುದರಿಂದ, ಆಮೇಲೆ ಸ್ಟಿಕ್ಕಿಗೆ ಜೋಡಿಸಿದಾಗಲೂ ನಡೆಯುತ್ತದೆ. ನೆಕ್‌ಬ್ಯಾಂಡ್ ಮತ್ತು ದೊಡ್ಡ ಹೆಡ್‌ಫೋನುಗಳಲ್ಲಿ ಸಾಮಾನ್ಯವಾಗಿ ಗುಂಡಿ ಇರುತ್ತದೆ, ಆದರೆ ಹಲವು ಸಲ ಒಂದೇ ಗುಂಡಿಗೆ ಎರಡು ಕೆಲಸ ಕೊಟ್ಟಿರುತ್ತಾರೆ. ಕೆಲವದರಲ್ಲಿ ಚಿಕ್ಕದಾಗಿ ಒತ್ತಿದರೆ ಮುಂದಿನ ಹಾಡು, ಹಿಡಿದುಕೊಂಡರೆ ವಾಲ್ಯೂಮ್. ಇನ್ನು ಕೆಲವದರಲ್ಲಿ ಇದಕ್ಕೆ ತದ್ವಿರುದ್ಧ. ಗುಂಡಿ ಒತ್ತಿದರೆ ಸಿನಿಮಾ ಮುಂದಕ್ಕೆ ಹಾರುತ್ತಿದ್ದರೆ, ಅದೇ ಗುಂಡಿಯನ್ನು ಬೇರೆ ರೀತಿಯಲ್ಲಿ ಒತ್ತಿ ನೋಡಬೇಕು.

ಎರಡನೆಯ ಪರಿಹಾರ ಟಿವಿಯನ್ನೇ ನಡುವೆ ತರುವುದು. ಟಿವಿಗೆ ಸ್ವಂತ ಬ್ಲೂಟೂತ್ ಇದ್ದರೆ ಇಯರ್‌ಬಡ್ಡನ್ನು ಸ್ಟಿಕ್ಕಿನಿಂದ ಬಿಡಿಸಿ ಟಿವಿಯ ಧ್ವನಿ ಸೆಟ್ಟಿಂಗಿನಲ್ಲಿ ಟಿವಿಗೇ ಜೋಡಿಸಬಹುದು. ಆಗ ಸ್ಟಿಕ್ಕಿನ ಧ್ವನಿ ಎಚ್‌ಡಿಎಂಐ ಮೂಲಕ ಟಿವಿಗೆ ಬಂದು ಅಲ್ಲಿಂದ ಕಿವಿಗೆ ಹೋಗುತ್ತದೆ. ವಾಲ್ಯೂಮ್ ಆಜ್ಞೆ ಟಿವಿಗೇ ಹೋಗುತ್ತಿತ್ತು ಎನ್ನುವ ದೋಷ ಇಲ್ಲಿ ಗುಣವಾಗಿ ಬದಲಾಗುತ್ತದೆ, ಕೈಯಲ್ಲಿರುವ ಅದೇ ರಿಮೋಟು ಸಾಕು. ಇದರಲ್ಲಿ ಇನ್ನೊಂದು ಲಾಭವಿದೆ: ಟಿವಿಗೆ ಜೋಡಿಸಿದ ಸಾದಾ ಕೇಬಲ್ ಬಾಕ್ಸಿನ ಧ್ವನಿಯೂ ಅದೇ ಹೆಡ್‌ಫೋನಿಗೆ ಬರುತ್ತದೆ. ಸ್ಟಿಕ್ಕಿನಿಂದ ಬಿಡಿಸಲು ಜೋಡಿಸಿದ ಅದೇ ಪಟ್ಟಿಗೆ ಹೋಗಿ, ಹೆಡ್‌ಫೋನಿನ ಹೆಸರಿನ ಮೇಲೆ ನಿಂತು ಮೂರು ಗೆರೆಗಳ ಮೆನು ಗುಂಡಿ ಒತ್ತಬೇಕು. ಬ್ಲೂಟೂತ್ ಇರುವ ಟಿವಿಯ ಮನೆಯಲ್ಲಿ ಮೊದಲು ಪ್ರಯತ್ನಿಸಬೇಕಾದದ್ದು ಇದನ್ನೇ.

ಗೂಗಲ್ ಟಿವಿಯ ಸಾಧನಗಳಲ್ಲಿ ಇನ್ನೂ ಒಂದು ದಾರಿ ಇದೆ. “Remotes & Accessories” ಒಳಗಿನ “Set up remote buttons” ತೆರೆದರೆ ವಾಲ್ಯೂಮ್ ಗುಂಡಿ ಯಾವ ವಿಧಾನದಲ್ಲಿ ಕೆಲಸ ಮಾಡಬೇಕೆಂದು ಆರಿಸಬಹುದು. ಇನ್‌ಫ್ರಾರೆಡ್‌ನ ಬದಲು ಎಚ್‌ಡಿಎಂಐ ಕೇಬಲಿನೊಳಗೇ ಆಜ್ಞೆ ಸಾಗಿಸುವ ಸಿಇಸಿ ವಿಧಾನ ಅಲ್ಲಿ ಸಿಕ್ಕರೆ ಅದನ್ನು ಆರಿಸುವುದು ಒಳಿತು. ಸಿಇಸಿಯಲ್ಲಿ ಗುಂಡಿಯ ಆಜ್ಞೆ ಮೊದಲು ಸಾಧನಕ್ಕೆ ಬರುತ್ತದೆ, ಅದನ್ನು ಟಿವಿಗೆ ದಾಟಿಸಬೇಕೇ ಹೆಡ್‌ಫೋನಿಗೆ ಕೊಡಬೇಕೇ ಎಂದು ಸಾಧನವೇ ನಿರ್ಧರಿಸಬಲ್ಲದು. ಇನ್‌ಫ್ರಾರೆಡ್‌ನಲ್ಲಿ ಆ ಅವಕಾಶವೇ ಇಲ್ಲ. ಇದು ನಡೆಯಲು ಟಿವಿಯ ಸೆಟ್ಟಿಂಗಿನಲ್ಲೂ ಸಿಇಸಿ ಆನ್ ಆಗಿರಬೇಕು. ಒಂದೊಂದು ಕಂಪನಿ ಅದಕ್ಕೆ ಒಂದೊಂದು ಹೆಸರಿಟ್ಟಿದೆ.

ಗುಂಡಿಯೇ ಇಲ್ಲದ ರಿಮೋಟ್

2020ರಲ್ಲಿ ಬಂದ ಫೈರ್ ಟಿವಿ ಸ್ಟಿಕ್ ಲೈಟ್‌ನ ರಿಮೋಟಿನಲ್ಲಿ ಪವರ್ ಮತ್ತು ವಾಲ್ಯೂಮ್ ಗುಂಡಿಗಳಿಲ್ಲ. ಬೆಲೆ ಕಡಿಮೆ ಮಾಡಲು ಅವನ್ನೇ ಕೈಬಿಟ್ಟರು. 2018ರ 4ಕೆ ಸ್ಟಿಕ್ಕಿಗಿಂತ ಹಿಂದಿನ ಸ್ಟಿಕ್ಕುಗಳ ರಿಮೋಟಿನಲ್ಲೂ ಅವು ಇರಲಿಲ್ಲ. ಇಂಥ ಸ್ಟಿಕ್ಕಿನ ಒಳಗಿನ ಮಟ್ಟ ಯಾವುದೋ ಕಾರಣಕ್ಕೆ ಕೆಳಗೆ ಸಿಕ್ಕಿಕೊಂಡರೆ ಅದನ್ನು ಮೇಲೆತ್ತಲು ಕೈಯಲ್ಲಿ ಏನೂ ಇರುವುದಿಲ್ಲ.

ಇಲ್ಲಿ ನೆನಪಿಡಬೇಕಾದದ್ದು, ಇಂಥ ಸ್ಟಿಕ್ಕುಗಳಲ್ಲಿರುವುದು ಆಂಡ್ರಾಯ್ಡ್ ಆಧಾರದ ಮೇಲೆ ಕಟ್ಟಿದ ವ್ಯವಸ್ಥೆ ಎಂಬುದು. ರಿಮೋಟಿನಲ್ಲಿ ಗುಂಡಿ ಇಲ್ಲದಿದ್ದರೂ ವಾಲ್ಯೂಮ್ ಆಜ್ಞೆ ಬಂದರೆ ಏನು ಮಾಡಬೇಕೆಂದು ಅದಕ್ಕೆ ಗೊತ್ತಿದೆ. ಆಜ್ಞೆ ಕೊಡುವ ಸಾಧನವೊಂದು ಬೇಕು, ಅಷ್ಟೇ. ವಾಲ್ಯೂಮ್ ಕೀಲಿಗಳಿರುವ ಒಂದು ಪುಟ್ಟ ಬ್ಲೂಟೂತ್ ಕೀಬೋರ್ಡನ್ನು ಹೆಡ್‌ಫೋನ್ ಜೋಡಿಸಿದ ಅದೇ ಪಟ್ಟಿಯಿಂದ ಸ್ಟಿಕ್ಕಿಗೆ ಸೇರಿಸಿದರೆ ಸಾಕು. ಕೀಬೋರ್ಡಿನ ವಾಲ್ಯೂಮ್ ಕೀಲಿ ಇನ್‌ಫ್ರಾರೆಡ್ ಹೊಮ್ಮಿಸುವುದಿಲ್ಲ, ಸ್ಟಿಕ್ಕಿಗೇ ನೇರವಾಗಿ ಹೇಳುತ್ತದೆ.

ಕೀಬೋರ್ಡ್ ಇಲ್ಲದಿದ್ದರೂ ಮನೆಯಲ್ಲಿ ಕಂಪ್ಯೂಟರ್ ಇದ್ದರೆ ಅದರಿಂದಲೇ ಆಜ್ಞೆ ಕಳಿಸಬಹುದು. ಮೊದಲು ಸ್ಟಿಕ್ಕಿನ ಸೆಟ್ಟಿಂಗ್ಸ್‌ನಲ್ಲಿ “My Fire TV”, ಅದರೊಳಗೆ “About” ತೆರೆದು, ಸ್ಟಿಕ್ಕಿನ ಹೆಸರಿರುವ ಮೊದಲ ಸಾಲಿನ ಮೇಲೆ ನಡುಗುಂಡಿಯನ್ನು ಏಳು ಸಲ ಒತ್ತಿದರೆ “Developer Options” ಎಂಬ ಅಡಗಿದ ಮೆನು ಕಾಣಿಸಿಕೊಳ್ಳುತ್ತದೆ. ಅದರಲ್ಲಿ “ADB Debugging” ಆನ್ ಮಾಡಬೇಕು. “About” ಒಳಗಿನ “Network” ಸಾಲಿನಲ್ಲಿ ಸ್ಟಿಕ್ಕಿನ ಐಪಿ ವಿಳಾಸ ಸಿಗುತ್ತದೆ. ಕಂಪ್ಯೂಟರಿನಲ್ಲಿ ಗೂಗಲ್ ಉಚಿತವಾಗಿ ಕೊಡುವ ಎಡಿಬಿ ಉಪಕರಣವನ್ನು ಹಾಕಿಕೊಂಡು, ಎರಡೂ ಒಂದೇ ವೈಫೈನಲ್ಲಿರುವಾಗ ಹೀಗೆ ಟೈಪಿಸಬೇಕು. ವಿಳಾಸ ಮಾತ್ರ ತಮ್ಮ ಸ್ಟಿಕ್ಕಿನದಾಗಿರಬೇಕು.

```
adb connect 192.168.1.7:5555
adb shell input keyevent 24
```

ಮೊದಲ ಸಾಲು ಒತ್ತಿದಾಗ ಟಿವಿಯ ಪರದೆಯಲ್ಲಿ ಅನುಮತಿ ಕೇಳುವ ಚೌಕ ಬರುತ್ತದೆ, ಒಪ್ಪಿಗೆ ಕೊಡಬೇಕು. ಎರಡನೆಯ ಸಾಲಿನ 24 ಎಂಬುದು ಆಂಡ್ರಾಯ್ಡಿನಲ್ಲಿ ವಾಲ್ಯೂಮ್ ಏರಿಸುವ ಗುಂಡಿಯ ಸಂಖ್ಯೆ, 25 ಇಳಿಸುವ ಗುಂಡಿಯದು. ಆ ಸಾಲನ್ನು ಒಂದೊಂದು ಸಲ ಓಡಿಸಿದಾಗಲೂ ಮಟ್ಟ ಒಂದೊಂದು ಮೆಟ್ಟಿಲು ಏರುತ್ತದೆ. ಇದನ್ನು ಹೆಡ್‌ಫೋನ್ ಜೋಡಿಸಿ, ಹಾಡು ಓಡುತ್ತಿರುವಾಗಲೇ ಮಾಡಬೇಕು, ಏಕೆಂದರೆ ಆಂಡ್ರಾಯ್ಡ್ ಬ್ಲೂಟೂತ್ ಮತ್ತು ಎಚ್‌ಡಿಎಂಐ ದಾರಿಗಳ ಮಟ್ಟವನ್ನು ಬೇರೆ ಬೇರೆಯಾಗಿ ನೆನಪಿಟ್ಟುಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ “ADB Debugging” ಆಫ್ ಮಾಡುವುದನ್ನು ಮರೆಯಬಾರದು. ಅದು ಸ್ಟಿಕ್ಕಿಗೆ ಹೊರಗಿನಿಂದ ಆಜ್ಞೆ ಕೊಡಲು ತೆರೆದಿಟ್ಟ ಬಾಗಿಲು.

ಸ್ಟಿಕ್ಕಿನ ಮಟ್ಟವನ್ನು ಪೂರ್ತಿ ಮೇಲೆ ಇಟ್ಟು ದಿನನಿತ್ಯದ ಏರಿಳಿತವನ್ನು ಹೆಡ್‌ಫೋನಿನಲ್ಲೇ ಮಾಡಿಕೊಳ್ಳುವುದು ಒಳ್ಳೆಯ ಪದ್ಧತಿ. ಸ್ಟಿಕ್ಕಿನಲ್ಲಿ ಕುಗ್ಗಿಸಿದ ಧ್ವನಿಯನ್ನು ಹೆಡ್‌ಫೋನಿನ ಆಂಪ್ಲಿಫೈಯರ್ ಹಿಗ್ಗಿಸಿದರೆ ಸಿನಿಮಾದ ಮಾತಿನ ಜೊತೆ ಅದರದೇ “ಸ್ಸ್” ಎನ್ನುವ ಹಿನ್ನೆಲೆ ಸದ್ದೂ ಹಿಗ್ಗುತ್ತದೆ.

ಹಟ ಮಾಡುವ ಜೋಡಿ

ಆಜ್ಞೆ ಸ್ಟಿಕ್ಕಿಗೇ ತಲುಪುತ್ತಿದೆ, ಅದರ ಪಟ್ಟಿಯೂ ಏರುತ್ತಿದೆ, ಆದರೂ ಕಿವಿಯಲ್ಲಿ ವ್ಯತ್ಯಾಸವಿಲ್ಲ. ಅಥವಾ ಒಂದು ಮೆಟ್ಟಿಲಿನಲ್ಲಿ ಏನೂ ಕೇಳದೆ ಮುಂದಿನದರಲ್ಲಿ ಕಿವಿ ಒಡೆಯುವಷ್ಟು ಜೋರು. ಇಂಥ ಸಂದರ್ಭದಲ್ಲಿ ಸಂಶಯ ಆಬ್ಸಲ್ಯೂಟ್ ವಾಲ್ಯೂಮಿನ ಮೇಲೆ. ಸಾಧನ ಅಂಕಿ ಹೇಳುತ್ತಿದೆ, ಹೆಡ್‌ಫೋನ್ ಅದನ್ನು ಸರಿಯಾಗಿ ಗ್ರಹಿಸುತ್ತಿಲ್ಲ. ಮೊದಲು ಹೆಡ್‌ಫೋನನ್ನು ಪಟ್ಟಿಯಿಂದ ತೆಗೆದುಹಾಕಿ, ಸ್ಟಿಕ್ಕನ್ನು ಪ್ಲಗ್ಗಿನಿಂದ ಕಿತ್ತು ಮತ್ತೆ ಹಾಕಿ, ಹೊಸದಾಗಿ ಜೋಡಿಸಬೇಕು. ಜೋಡಣೆಯ ಹೊತ್ತಿನಲ್ಲೇ ಎರಡೂ ತಮ್ಮ ತಮ್ಮ ಸಾಮರ್ಥ್ಯ ಹೇಳಿಕೊಳ್ಳುವುದರಿಂದ ಇದರಲ್ಲೇ ಹಲವು ಸಲ ಸರಿಹೋಗುತ್ತದೆ. ಆಗದಿದ್ದರೆ, ಗೂಗಲ್ ಟಿವಿ ಮತ್ತು ಆಂಡ್ರಾಯ್ಡ್ ಟಿವಿ ಬಾಕ್ಸುಗಳಲ್ಲಿ “System”, “About” ಒಳಗಿನ “Android TV OS build” ಸಾಲನ್ನು ಏಳು ಸಲ ಒತ್ತಿ “Developer options” ತೆರೆದು, ಅಲ್ಲಿ “Disable absolute volume” ಸಿಕ್ಕರೆ ಆನ್ ಮಾಡಿ ಬಾಕ್ಸನ್ನು ರೀಸ್ಟಾರ್ಟ್ ಮಾಡಬೇಕು. ಆಗ ಎರಡು ವಾಲ್ಯೂಮುಗಳೂ ಬೇರೆಯಾಗಿ, ಎರಡೂ ಕಡೆಯಿಂದ ಹಿಡಿತ ಸಿಗುತ್ತದೆ. ಈ ಬದಲಾವಣೆಯ ನಂತರ ಮೊದಲ ಸಲ ಧ್ವನಿ ಹಚ್ಚುವಾಗ ಹೆಡ್‌ಫೋನ್ ಕಿವಿಯಲ್ಲಿರಬಾರದು, ಕೈಯಲ್ಲಿರಬೇಕು. ಎರಡೂ ಮಟ್ಟಗಳು ತುದಿಯಲ್ಲಿದ್ದರೆ ಸದ್ದು ಕಿವಿಗೆ ಅಪಾಯ ಮಾಡುವಷ್ಟು ಜೋರಾಗಿ ಬಂದೀತು.

ಕೆಲವೊಮ್ಮೆ ಎಲ್ಲ ಮಟ್ಟಗಳೂ ಸರಿಯಾಗಿದ್ದು ಸಂಗೀತ ಜೋರಾಗಿ, ಸಂಭಾಷಣೆ ಮಾತ್ರ ಮೆಲ್ಲಗೆ ಕೇಳುತ್ತದೆ. ಇದು ವಾಲ್ಯೂಮಿನ ದೋಷವಲ್ಲ. ಆರು ಸ್ಪೀಕರುಗಳಿಗಾಗಿ ಮಾಡಿದ 5.1 ಧ್ವನಿಯನ್ನು ಎರಡೇ ಕಿವಿಗೆ ಇಳಿಸಿದಾಗ, ನಡುವಿನ ಸ್ಪೀಕರಿಗೆ ಮೀಸಲಾದ ಮಾತು ಉಳಿದ ಸದ್ದಿನಲ್ಲಿ ಮುಳುಗುತ್ತದೆ. ಸಿನಿಮಾ ಓಡುತ್ತಿರುವ ಆ್ಯಪಿನ ಆಡಿಯೋ ಆಯ್ಕೆಯಲ್ಲಿ 5.1 ಎಂದು ಬರೆಯದ ಅದೇ ಭಾಷೆಯ ಟ್ರ್ಯಾಕ್ ಇದ್ದರೆ ಅದನ್ನು ಆರಿಸಬೇಕು.

ಹೆಡ್‌ಫೋನ್ ಕಳಚಿದ ಮೇಲೆ ಟಿವಿಯ ವಾಲ್ಯೂಮೇ ಬದಲಾಗುತ್ತಿಲ್ಲ ಎಂಬ ದೂರೂ ಉಂಟು. ಹೆಡ್‌ಫೋನ್ ನಿಜಕ್ಕೂ ಕಳಚಿದೆಯೇ, ಡಬ್ಬಿಯ ಮುಚ್ಚಳ ತೆರೆದಿದ್ದು ಇನ್ನೂ ಸ್ಟಿಕ್ಕಿಗೆ ಅಂಟಿಕೊಂಡಿದೆಯೇ ಎಂದು ಮೊದಲು ನೋಡಬೇಕು. ಅದು ಸರಿಯಿದ್ದರೆ ಫೈರ್ ಟಿವಿಯ ಸೆಟ್ಟಿಂಗ್ಸ್‌ನಲ್ಲಿ “Equipment Control”, “Manage Equipment”, “TV” ತೆರೆದು ಟಿವಿಯ ಕಂಪನಿಯನ್ನು ಮತ್ತೆ ಆರಿಸಬೇಕು. ಸ್ಟಿಕ್ ಒಂದೊಂದೇ ಸಂಕೇತವನ್ನು ಕಳಿಸಿ ವಾಲ್ಯೂಮ್ ಬದಲಾಯಿತೇ ಎಂದು ಕೇಳುತ್ತ ಹೋಗುತ್ತದೆ, ಹೊಂದುವ ಸಂಕೇತ ಸಿಕ್ಕಿದಾಗ “Yes” ಒತ್ತಿದರೆ ಗುಂಡಿ ಮತ್ತೆ ಟಿವಿಯ ವಶಕ್ಕೆ ಬರುತ್ತದೆ.

ಫೈರ್ ಟಿವಿ ಸ್ಟಿಕ್ ಒಮ್ಮೆಗೆ ಒಂದೇ ಬ್ಲೂಟೂತ್ ಹೆಡ್‌ಫೋನಿಗೆ ಧ್ವನಿ ಕಳಿಸುತ್ತದೆ. ಅದೇ ಹೊತ್ತಿಗೆ ಟಿವಿಯ ಸ್ಪೀಕರಿಗೂ ಕಳಿಸುವುದಿಲ್ಲ. ಮನೆಯಲ್ಲಿ ಒಬ್ಬರಿಗೆ ಹೆಡ್‌ಫೋನ್, ಉಳಿದವರಿಗೆ ಸ್ಪೀಕರ್ ಬೇಕಿದ್ದರೆ ಸ್ಟಿಕ್ಕಿನ ಸೆಟ್ಟಿಂಗಿನಲ್ಲಿ ಅದಕ್ಕೆ ದಾರಿಯಿಲ್ಲ. ಎರಡನ್ನೂ ಒಟ್ಟಿಗೆ ನುಡಿಸುವ ಆಯ್ಕೆ ಟಿವಿಯ ಧ್ವನಿ ಮೆನುವಿನಲ್ಲಿ ಇದೆಯೇ ನೋಡಬೇಕು, ಇಲ್ಲದಿದ್ದರೆ ಟಿವಿಯ ಆಪ್ಟಿಕಲ್ ಔಟ್‌ಪುಟ್ಟಿಗೆ ಟ್ರಾನ್ಸ್‌ಮಿಟರ್ ಸೇರಿಸಬೇಕು. ಆಪ್ಟಿಕಲ್ಲಿನಲ್ಲಿ ಧ್ವನಿ ಸಾಮಾನ್ಯವಾಗಿ ಒಂದೇ ಮಟ್ಟದಲ್ಲಿ ಬರುವುದರಿಂದ, ಅಂಥವರು ಕೊಳ್ಳುವ ಹೆಡ್‌ಫೋನಿನಲ್ಲಿ ವಾಲ್ಯೂಮ್ ಗುಂಡಿ ಇರಲೇಬೇಕು.